ಇಂಗ್ಲಿಷ್ ಏಜೆನ್ಸಿ ಕಾಪಿಗೆ ಕನ್ನಡ ತಲೆಬರಹ: ಕಾಪಿಗಿಂತ ಒಂದು ಮಾತೂ ಜಾಸ್ತಿ ಬೇಡ

ಪಿಟಿಐ, ರಾಯಿಟರ್ಸ್ ಅಥವಾ ಎಪಿಯಿಂದ ಬಂದ ಕಾಪಿಯ ಮೇಲೆ ಆಗಲೇ ಒಂದು ಇಂಗ್ಲಿಷ್ ಹೆಡ್ಡಿಂಗ್ ಇರುತ್ತದೆ. ಅದನ್ನೇ ಕನ್ನಡಕ್ಕೆ ತಿರುಗಿಸಿಬಿಡೋಣ ಅಂತ ಅನ್ನಿಸುವುದು ಸಹಜ. ದಯವಿಟ್ಟು ಹಾಗೆ ಮಾಡಬೇಡಿ. ಆ ಹೆಡ್ಡಿಂಗ್ ಇಂಗ್ಲಿಷಿನ ವಾಕ್ಯಕ್ರಮಕ್ಕೆ, ಇಂಗ್ಲಿಷಿನ ಪುಟ್ಟ ಕ್ರಿಯಾಪದಗಳಿಗೆ ಒಪ್ಪುವಂತೆ ಕಟ್ಟಿದ್ದು. ಅದನ್ನು ತಿರುಗಿಸುತ್ತಾ ಹೋದರೆ ಒಂದೋ ತಲೆಬರಹ ಉದ್ದವಾಗುತ್ತದೆ, ಇಲ್ಲವೇ ಕಾಪಿಯಲ್ಲಿ ಇಲ್ಲದ ಮಾತು ನುಸುಳುತ್ತದೆ.

ಈ ನುಸುಳುವ ಮಾತೇ ದೊಡ್ಡ ತೊಂದರೆ. ಬೇಕೆಂದೇ ಸುಳ್ಳು ಬರೆಯುವ ಉಪಸಂಪಾದಕರು ಕಡಿಮೆ. ಆದರೆ ಅವಸರದಲ್ಲಿ ಅಂಕಿಯೊಂದು ಹಿಗ್ಗುತ್ತದೆ, ಕಾಪಿ ಹೆಸರಿಸದ ಒಬ್ಬ ವ್ಯಕ್ತಿಯ ಮೇಲೆ ಕೆಲಸದ ಹೊಣೆ ಬೀಳುತ್ತದೆ, ಸುದ್ದಿಯ ಜಾಗದಲ್ಲಿ ನಮ್ಮ ತೀರ್ಮಾನ ಬಂದು ಕೂರುತ್ತದೆ. ಎರಡು ನಿಜ ಸುದ್ದಿಗಳನ್ನು ಇಟ್ಟುಕೊಂಡು, ಇದು ಎಲ್ಲಿ ಆಗುತ್ತದೆ, ಹೇಗೆ ತಡೆಯಬಹುದು ಅಂತ ನೋಡೋಣ.

ಮೊದಲು ಕಾಪಿ ಮುಚ್ಚಿ, ಒಂದು ವಾಕ್ಯ ಬರೆಯಿರಿ

2025ರ ಜೂನ್ 6ರಂದು ರಿಸರ್ವ್ ಬ್ಯಾಂಕ್ ರೆಪೊ ದರ ಇಳಿಸಿತು. ಇಂಗ್ಲಿಷ್ ಕಾಪಿಗಳ ಸಾರ ಇಷ್ಟು: ರೆಪೊ ದರ 50 ಬೇಸಿಸ್ ಪಾಯಿಂಟ್ ಇಳಿದು ಶೇ 5.50 ಆಗಿದೆ. ಫೆಬ್ರುವರಿ ಮತ್ತು ಏಪ್ರಿಲ್ ನಂತರ ಇದು ಆ ವರ್ಷದ ಮೂರನೇ ಇಳಿಕೆ. ಬ್ಯಾಂಕುಗಳ ನಗದು ಮೀಸಲು ಅನುಪಾತ, ಅಂದರೆ ಸಿಆರ್‌ಆರ್, ಶೇ 4ರಿಂದ ಶೇ 3ಕ್ಕೆ ಇಳಿಯುತ್ತದೆ. ಆದರೆ ಅದು ಅಂದೇ ಅಲ್ಲ, ಸೆಪ್ಟೆಂಬರ್‌ನಿಂದ ನಾಲ್ಕು ಕಂತಿನಲ್ಲಿ. ಕೊನೆಯದಾಗಿ, ನೀತಿಯ ನಿಲುವನ್ನು 'ಹೊಂದಾಣಿಕೆ'ಯಿಂದ 'ತಟಸ್ಥ'ಕ್ಕೆ ಬದಲಿಸಲಾಗಿದೆ. ಬೆಳವಣಿಗೆಗೆ ಬೆಂಬಲ ಕೊಡಲು ಇನ್ನು ಉಳಿದಿರುವ ಅವಕಾಶ ತುಂಬ ಕಡಿಮೆ ಎಂದು ಗವರ್ನರ್ ಸಂಜಯ್ ಮಲ್ಹೋತ್ರಾ ಹೇಳಿದ್ದಾರೆ.

ಕಾಪಿಯನ್ನು ಕೊನೆಯ ಪ್ಯಾರಾದವರೆಗೂ ಓದಿ. ಲೀಡ್ ಓದಿ ತಲೆಬರಹ ಬರೆಯುವ ಅಭ್ಯಾಸ ಇದ್ದರೆ ಇಲ್ಲಿಯೇ ಬಿಡಬೇಕು. ಈ ಸುದ್ದಿಯಲ್ಲಿ 'ಮುಂದೆಯೂ ಬಡ್ಡಿ ಇಳಿಯಬಹುದು' ಎಂಬ ಊಹೆಗೆ ಕಡಿವಾಣ ಹಾಕುವ ಮಾತು ಇರುವುದೇ ಕೆಳಗೆ. ಅದನ್ನು ಓದದವರು 'ಇನ್ನಷ್ಟು ಇಳಿಯಲಿದೆ ಬಡ್ಡಿ' ಅಂತ ಬರೆದುಬಿಡುತ್ತಾರೆ.

ಓದಿದ ಮೇಲೆ ಕಾಪಿಯ ವಿಂಡೊ ಮುಚ್ಚಿ. ಪಕ್ಕದ ಸೀಟಿನವರು 'ಏನ್ರೀ ಸುದ್ದಿ?' ಅಂತ ಕೇಳಿದರೆ ಏನು ಹೇಳುತ್ತೀರೋ ಅದನ್ನೇ ಟೈಪ್ ಮಾಡಿ. 'ರಿಸರ್ವ್ ಬ್ಯಾಂಕ್‌ನವರು ರೆಪೊ ದರ ಮತ್ತೆ ಇಳಿಸಿದ್ದಾರೆ, ಆರು ಇದ್ದದ್ದು ಐದೂವರೆ ಆಗಿದೆ.' ಇದು ತಲೆಬರಹ ಅಲ್ಲ, ಆದರೆ ತಲೆಬರಹಕ್ಕೆ ಬೇಕಾದ್ದೆಲ್ಲ ಇದರಲ್ಲಿದೆ. ಇಂಗ್ಲಿಷ್ ಕಣ್ಣೆದುರು ಇದ್ದಿದ್ದರೆ 'ಹಣಕಾಸು ನೀತಿ ಸಮಿತಿಯು ರೆಪೊ ದರವನ್ನು 50 ಮೂಲಾಂಶಗಳಷ್ಟು ಕಡಿತಗೊಳಿಸಿ' ಅಂತ ಶುರುವಾಗುತ್ತಿತ್ತು. ಬಾಯಿಮಾತಿನಲ್ಲಿ ಸಮಿತಿಯೂ ಬರಲಿಲ್ಲ, ಮೂಲಾಂಶವೂ ಬರಲಿಲ್ಲ. ಎರಡೂ ತಲೆಬರಹಕ್ಕೆ ಬೇಡ.

ಅಂಕಿಯನ್ನು ಕೈಯಾರೆ ಲೆಕ್ಕ ಹಾಕಿ ನೋಡಿ

ನೂರು ಬೇಸಿಸ್ ಪಾಯಿಂಟ್ ಸೇರಿದರೆ ಶೇಕಡಾ ಒಂದು ಅಂಶ. ಹಾಗಾಗಿ 50 ಅಂದರೆ ಅರ್ಧ ಅಂಶ. ಇದನ್ನು ಅವಸರದಲ್ಲಿ 'ರೆಪೊ ದರ ಶೇ 50 ಇಳಿಕೆ' ಅಂತ ಬರೆದರೆ ದರ ಅರ್ಧಕ್ಕರ್ಧ ಬಿದ್ದು ಶೇ 3 ಆಗಿದೆ ಎಂದು ಅರ್ಥ. ಇಂಥ ತಪ್ಪನ್ನು ಚೀಫ್ ಸಬ್ ಹಿಡಿಯುತ್ತಾರೆ.

ಹಿಡಿಯಲು ಕಷ್ಟವಾದದ್ದು ಇನ್ನೊಂದು: 'ರೆಪೊ ದರ ಶೇ 0.50ರಷ್ಟು ಇಳಿಕೆ'. ನೋಡಲು ಸರಿಯಾಗಿದೆ, ಪುಟಗಳಲ್ಲಿ ಧಾರಾಳವಾಗಿ ಬರುತ್ತದೆ. ಆದರೆ ಅಕ್ಷರಶಃ ಓದಿದರೆ ಆರರಲ್ಲಿ ಶೇ 0.50 ಅಂದರೆ 0.03. ಆಗ ಹೊಸ ದರ ಶೇ 5.97 ಆಗಬೇಕಿತ್ತು. ನಿಜವಾಗಿ ಇಳಿದದ್ದು ಶೇಕಡಾವಾರು ಅರ್ಧ ಅಂಶ. ಹಾಗಂತ ತಲೆಬರಹದಲ್ಲಿ 'ಶೇಕಡಾವಾರು ಅಂಶ' ಅಂತ ಬರೆಯಲು ಹೋದರೆ ಉದ್ದವೂ ಆಗುತ್ತದೆ, ಓದುಗರೂ ಎಡವುತ್ತಾರೆ.

ಇದಕ್ಕೆ ಸುಲಭದ ದಾರಿ ಇದೆ. ಎಷ್ಟು ಇಳಿಯಿತು ಎನ್ನುವುದನ್ನು ಬಿಟ್ಟು, ಎಲ್ಲಿಂದ ಎಲ್ಲಿಗೆ ಇಳಿಯಿತು ಎಂದು ಹೇಳಿ.

ರೆಪೊ ದರ ಶೇ 6ರಿಂದ ಶೇ 5.50ಕ್ಕೆ ಇಳಿಕೆ

ಏಳು ಪದ. ಲೆಕ್ಕದ ಗೊಂದಲ ಇಲ್ಲ. ಬೇಸಿಸ್ ಪಾಯಿಂಟ್ ಗೊತ್ತಿಲ್ಲದವರಿಗೂ ಗೊತ್ತಿರುವವರಿಗೂ ಒಂದೇ ಅರ್ಥ ಸಿಗುತ್ತದೆ. ದರ, ಬೆಲೆ, ಮತಪ್ರಮಾಣ, ಹಣದುಬ್ಬರ ಇಂಥ ಯಾವುದೇ ಸುದ್ದಿಗೂ ಈ 'ಇಂದ–ಕ್ಕೆ' ನಡೆಯುತ್ತದೆ. ಹಣದುಬ್ಬರದಲ್ಲಿ ಒಂದು ಎಚ್ಚರ ಬೇಕು. ಹಣದುಬ್ಬರ ಇಳಿದರೆ ಬೆಲೆ ಇಳಿದಿದೆ ಎಂದಲ್ಲ, ಬೆಲೆ ಏರುವ ವೇಗ ತಗ್ಗಿದೆ ಎಂದರ್ಥ. 'ಹಣದುಬ್ಬರ ಇಳಿಕೆ' ಎಂಬ ಕಾಪಿಗೆ 'ಬೆಲೆ ಇಳಿಕೆ' ಎಂಬ ತಲೆಬರಹ ಹಾಕುವಂತಿಲ್ಲ.

ಮಿಲಿಯನ್, ಬಿಲಿಯನ್ ಬಂದಾಗ ಮನಸ್ಸಿನಲ್ಲೇ ತಿರುಗಿಸಬೇಡಿ, ಬರೆದು ನೋಡಿ. ಒಂದು ಮಿಲಿಯನ್ ಹತ್ತು ಲಕ್ಷ, ಒಂದು ಬಿಲಿಯನ್ ನೂರು ಕೋಟಿ. ಎರಡೂವರೆ ಬಿಲಿಯನ್ ಡಾಲರ್ 250 ಕೋಟಿ ಡಾಲರ್ ಆಗಬೇಕು. ಒಂದು ಸೊನ್ನೆ ಬಿಟ್ಟರೆ 25 ಕೋಟಿ ಆಗಿಬಿಡುತ್ತದೆ, ಓದಿದವರಿಗೆ ಅನುಮಾನವೂ ಬರುವುದಿಲ್ಲ.

'ಗುಡ್ ನ್ಯೂಸ್' ಯಾರಿಗೆ?

ಇದೇ ಸುದ್ದಿಗೆ ಸಲೀಸಾಗಿ ಬರುವ ಇನ್ನೊಂದು ತಲೆಬರಹ: 'ಸಾಲಗಾರರಿಗೆ ಗುಡ್ ನ್ಯೂಸ್: ಇಎಂಐ ಭಾರೀ ಇಳಿಕೆ! ಇಲ್ಲಿದೆ ಸಂಪೂರ್ಣ ಮಾಹಿತಿ'. ಇದನ್ನು ಬಿಡಿಸಿ ನೋಡೋಣ.

ಇಎಂಐ ಇಳಿದಿದೆಯೇ? ಇಲ್ಲ. ರಿಸರ್ವ್ ಬ್ಯಾಂಕ್ ಇಳಿಸಿದ್ದು ಬ್ಯಾಂಕುಗಳಿಗೆ ತಾನು ಕೊಡುವ ಸಾಲದ ದರವನ್ನು. 2019ರ ಅಕ್ಟೋಬರ್‌ನಿಂದ ಬ್ಯಾಂಕುಗಳು ಕೊಡುವ ಬದಲಾಗುವ ಬಡ್ಡಿಯ ಹೊಸ ಗೃಹಸಾಲಗಳು ರೆಪೊದಂಥ ಹೊರಗಿನ ಮಾನದಂಡಕ್ಕೆ ಜೋಡಿಸಿಕೊಂಡಿವೆ. ಅವುಗಳ ಬಡ್ಡಿಯನ್ನು ಕನಿಷ್ಠ ಮೂರು ತಿಂಗಳಿಗೊಮ್ಮೆ ಪರಿಷ್ಕರಿಸಬೇಕು. ಅಂದರೆ ಕೆಲವರಿಗೆ ಇಳಿಕೆ ತಲುಪಲು ತಿಂಗಳುಗಳೇ ಬೇಕು. ಸ್ಥಿರ ಬಡ್ಡಿಯ ಸಾಲದವರಿಗೆ ಏನೂ ಬದಲಾಗುವುದಿಲ್ಲ. ಬಡ್ಡಿ ಇಳಿದಾಗಲೂ ಕಂತಿನ ಮೊತ್ತ ಹಾಗೇ ಇಟ್ಟು, ತೀರಿಸುವ ಅವಧಿಯನ್ನಷ್ಟೇ ಕಡಿಮೆ ಮಾಡುವುದೂ ಉಂಟು. ಹಾಗಾಗಿ 'ಇಎಂಐ ಇಳಿಕೆ' ಎನ್ನುವುದು ನಡೆದ ಸಂಗತಿ ಅಲ್ಲ, ಕೆಲವರಿಗೆ ಮುಂದೆ ಆಗಬಹುದಾದ್ದು.

ಇನ್ನು 'ಗುಡ್ ನ್ಯೂಸ್'. ಬಡ್ಡಿ ಇಳಿದಾಗ ಠೇವಣಿ ಬಡ್ಡಿಯೂ ಸಾಮಾನ್ಯವಾಗಿ ಇಳಿಯುತ್ತದೆ. ಎಫ್‌ಡಿ ಬಡ್ಡಿಯಲ್ಲಿ ಔಷಧಿ, ಕರೆಂಟ್ ಬಿಲ್ ನೋಡಿಕೊಳ್ಳುವ ನಿವೃತ್ತರಿಗೆ ಇದು ಒಳ್ಳೆ ಸುದ್ದಿಯೇ? ಅವರೂ ನಿಮ್ಮ ಓದುಗರು. ಒಳ್ಳೆಯದೋ ಕೆಟ್ಟದ್ದೋ ಎಂಬುದನ್ನು ಓದುಗರು ತಮ್ಮ ಲೆಕ್ಕದಲ್ಲಿ ನಿರ್ಧರಿಸುತ್ತಾರೆ. 'ಗುಡ್ ನ್ಯೂಸ್', 'ಶಾಕ್', 'ಬಂಪರ್', 'ಬಿಗ್ ರಿಲೀಫ್' ಎಲ್ಲವೂ ಆ ನಿರ್ಧಾರವನ್ನು ಅವರ ಕೈಯಿಂದ ಕಿತ್ತುಕೊಳ್ಳುವ ಪದಗಳು. ಸುದ್ದಿಯ ಬಗ್ಗೆ ಒಂದು ಮಾಹಿತಿಯನ್ನೂ ಅವು ಕೊಡುವುದಿಲ್ಲ. ತೆಗೆದುಹಾಕಿದರೆ ಜಾಗವೂ ಉಳಿಯುತ್ತದೆ.

'ಇಲ್ಲಿದೆ ಮಾಹಿತಿ', 'ಏನಿದು?', 'ಯಾರಿಗೆಲ್ಲ ಲಾಭ?' ಎಂಬ ಬಾಲಗಳೂ ಅಷ್ಟೆ. ಉತ್ತರ ನಿಮ್ಮ ಕಾಪಿಯಲ್ಲಿ ಇದೆ ಅಲ್ವಾ? ಇದ್ದರೆ ಅದನ್ನೇ ಬರೆಯಿರಿ. ತಲೆಬರಹದಲ್ಲಿ ಜಾಗ ಸಾಲದಿದ್ದರೆ ಉಪಶೀರ್ಷಿಕೆಯಲ್ಲಿ ಹಾಕಿ: 'ವರ್ಷದಲ್ಲಿ ಮೂರನೇ ಇಳಿಕೆ, ಸೆಪ್ಟೆಂಬರ್‌ನಿಂದ ಸಿಆರ್‌ಆರ್ ಕೂಡ ಕಡಿತ'. ಈ ಎರಡು ಸಾಲನ್ನು ಓದಿದವರಿಗೆ ಸುದ್ದಿಯ ಮುಖ್ಯ ಭಾಗ ತಿಳಿದಿರುತ್ತದೆ. ವಿವರ ಬೇಕಾದವರು ಒಳಗೆ ಬರುತ್ತಾರೆ. ಬೇಡದವರು ಮುಂದೆ ಹೋಗುತ್ತಾರೆ, ಅವರಿಗೂ ಮೋಸ ಆಗಿಲ್ಲ.

ಪ್ರಶ್ನಾರ್ಥಕ ಚಿಹ್ನೆಯ ಬಗ್ಗೆ ಒಂದು ಮಾತು. ಖಚಿತವಿಲ್ಲದ ಸುದ್ದಿಯ ಕೊನೆಗೆ '?' ಹಾಕಿದರೆ ಹೊಣೆ ಕಳೆಯಿತು ಎಂದುಕೊಳ್ಳುವುದು ತಪ್ಪು. ಓದುಗರ ನೆನಪಿನಲ್ಲಿ ಉಳಿಯುವುದು ವಾಕ್ಯ, ಚಿಹ್ನೆ ಅಲ್ಲ. ಕಾಪಿಯಲ್ಲಿ 'ಲೈಕ್ಲಿ' ಅಂತ ಇದ್ದರೆ 'ಸಾಧ್ಯತೆ' ಅಂತ ಬರೆಯಿರಿ, ಯಾರು ಹಾಗೆ ಹೇಳಿದ್ದು ಎಂಬುದನ್ನೂ ಸೇರಿಸಿ.

ಕಾಪಿಯಲ್ಲಿ ಕರ್ತೃ ಇಲ್ಲದಿದ್ದರೆ ತಲೆಬರಹದಲ್ಲೂ ಬೇಡ

ಇದು ನನ್ನ ಪ್ರಕಾರ ಎಲ್ಲಕ್ಕಿಂತ ಸೂಕ್ಷ್ಮವಾದ ಜಾಗ. ಇಂಗ್ಲಿಷ್ ವರದಿಗಳು, ಅದರಲ್ಲೂ ತನಿಖಾ ವರದಿಗಳು, ಯಾರು ಮಾಡಿದರು ಎಂದು ಹೇಳದೆ ಏನಾಯಿತು ಎಂದಷ್ಟೇ ಹೇಳುತ್ತವೆ. ಕನ್ನಡಕ್ಕೆ ತರುವಾಗ ವಾಕ್ಯ ಸರಾಗವಾಗಲಿ ಎಂದು ನಾವು ಒಬ್ಬ ಕರ್ತೃವನ್ನು ತಂದು ಕೂರಿಸುತ್ತೇವೆ. ಅಲ್ಲಿಗೆ ಒಬ್ಬರ ಮೇಲೆ ಆರೋಪ ಹೊರಿಸಿದಂತಾಯಿತು.

2025ರ ಜೂನ್ 12ರಂದು ಅಹಮದಾಬಾದ್‌ನಲ್ಲಿ ಏರ್ ಇಂಡಿಯಾ 171 ವಿಮಾನ ಬಿತ್ತು. ಒಂದು ತಿಂಗಳ ನಂತರ, ಜುಲೈ 12ರಂದು, ವಿಮಾನ ಅಪಘಾತ ತನಿಖಾ ಸಂಸ್ಥೆ ಎಎಐಬಿಯ ಪ್ರಾಥಮಿಕ ವರದಿ ಹೊರಬಂತು. ವರದಿಯ ಮುಖ್ಯ ಅಂಶ: ವಿಮಾನ ಮೇಲೇರಿದ ಸ್ವಲ್ಪ ಹೊತ್ತಿನಲ್ಲೇ ಎರಡೂ ಎಂಜಿನ್‌ಗಳ ಇಂಧನ ಸ್ವಿಚ್‌ಗಳು ಸುಮಾರು ಒಂದು ಸೆಕೆಂಡ್ ಅಂತರದಲ್ಲಿ ರನ್ ಸ್ಥಾನದಿಂದ ಕಟ್‌ಆಫ್ ಸ್ಥಾನಕ್ಕೆ 'ಬದಲಾದವು'. ಕಾಕ್‌ಪಿಟ್ ಧ್ವನಿಮುದ್ರಣದಲ್ಲಿ ಒಬ್ಬ ಪೈಲಟ್ ಇನ್ನೊಬ್ಬರನ್ನು ಯಾಕೆ ಕಟ್‌ಆಫ್ ಮಾಡಿದ್ದು ಎಂದು ಕೇಳುತ್ತಾರೆ. ಇನ್ನೊಬ್ಬರು ತಾನು ಮಾಡಿಲ್ಲ ಎನ್ನುತ್ತಾರೆ. ಯಾರು ಕೇಳಿದ್ದು, ಯಾರು ಉತ್ತರಿಸಿದ್ದು ಎಂದು ವರದಿ ಹೇಳಲಿಲ್ಲ. ಸ್ವಿಚ್ ಹೇಗೆ ಬದಲಾಯಿತು ಎಂದೂ ಹೇಳಲಿಲ್ಲ.

ಈಗ ಮೂರು ತಲೆಬರಹ ನೋಡಿ.

ಇಂಧನ ಸ್ವಿಚ್ ಬಂದ್ ಮಾಡಿದ್ದ ಪೈಲಟ್: ವರದಿ

ಇಂಧನ ಸ್ವಿಚ್ ಬಂದ್ ಮಾಡಿದ್ದೇ ದುರಂತಕ್ಕೆ ಕಾರಣ

ಕಟ್‌ಆಫ್‌ಗೆ ಬದಲಾಗಿದ್ದ ಇಂಧನ ಸ್ವಿಚ್: ಎಎಐಬಿ ಪ್ರಾಥಮಿಕ ವರದಿ

ಮೊದಲನೆಯದು ವರದಿಯಲ್ಲಿ ಇಲ್ಲದ ವ್ಯಕ್ತಿಯನ್ನು ತಂದಿತು. ಅದರ ಮೇಲೆ ಅದನ್ನು ವರದಿಯೇ ಹೇಳಿದೆ ಎಂದೂ ಸೇರಿಸಿತು. ಎರಡನೆಯದರಲ್ಲಿ ಪೈಲಟ್ ಎಂಬ ಪದ ಇಲ್ಲ, ಆದರೆ 'ಮಾಡಿದ್ದೇ' ಎಂದಾಗ ಮಾಡಿದವರು ಒಬ್ಬರು ಇದ್ದೇ ಇರುತ್ತಾರೆ. ಪ್ರಾಥಮಿಕ ವರದಿ ಕಾರಣ ಹೇಳಿರಲಿಲ್ಲ, ಹಾಗಾಗಿ 'ಕಾರಣ' ಎಂಬುದೂ ತಪ್ಪು. ಮೂರನೆಯದು ವರದಿ ಹೇಳಿದಷ್ಟನ್ನೇ ಹೇಳುತ್ತದೆ.

ಕನ್ನಡದಲ್ಲಿ ಈ ವ್ಯತ್ಯಾಸವನ್ನು ಹಿಡಿಯಲು ಒಳ್ಳೆಯ ಸಾಧನ ಇದೆ. 'ಆಗು' ಮತ್ತು 'ಮಾಡು', 'ಒಡೆಯಿತು' ಮತ್ತು 'ಒಡೆದರು', 'ಬಿತ್ತು' ಮತ್ತು 'ಬೀಳಿಸಿದರು'. ಕಾಪಿಯಲ್ಲಿ ಮಾಡಿದವರ ಹೆಸರು ಇಲ್ಲವೆಂದರೆ 'ಆಗು' ಕಡೆಯ ಕ್ರಿಯಾಪದ ಆರಿಸಿ. ಇದಕ್ಕೆ ವಿರುದ್ಧವಾದ ತಪ್ಪೂ ಇದೆ. ಕಾಪಿಯಲ್ಲಿ ಪೊಲೀಸರು ಗುಂಡು ಹಾರಿಸಿದರು ಎಂದು ಸ್ಪಷ್ಟವಾಗಿ ಇದ್ದಾಗ 'ಗುಂಡಿಗೆ ಇಬ್ಬರು ಬಲಿ' ಅಂತ ಬರೆದರೆ ಮಾಡಿದವರನ್ನು ಮರೆಮಾಡಿದಂತೆ. ಎರಡಕ್ಕೂ ಕಾಪಿಯೇ ಅಳತೆ.

ವಿಭಕ್ತಿ ಬಿಡುವ ಮುನ್ನ ಎರಡು ಸಲ ಓದಿ

ಜಾಗ ಉಳಿಸಲು ಕನ್ನಡ ತಲೆಬರಹದಲ್ಲಿ 'ಅನ್ನು' ಬಿಡುವುದು ರೂಢಿ. ಕರ್ತೃವನ್ನು ಕೊನೆಗೆ ತಂದು 'ರೆಪೊ ದರ ಇಳಿಸಿದ ಆರ್‌ಬಿಐ' ಎಂದು ಬರೆಯುವುದೂ ರೂಢಿ. ಎರಡೂ ಒಳ್ಳೆಯ ರೂಢಿಗಳೇ. ಇಲ್ಲಿ ಗೊಂದಲವೂ ಇಲ್ಲ, ರೆಪೊ ದರ ಆರ್‌ಬಿಐಯನ್ನು ಇಳಿಸುವುದಿಲ್ಲ. ಆದರೆ ಎರಡೂ ಕಡೆ ಜೀವ ಇರುವವರಿದ್ದಾಗ ಇದು ಅಪಾಯ.

'ಚಿರತೆ ಕೊಂದ ರೈತ'. ರೈತ ಚಿರತೆಯನ್ನು ಕೊಂದನೇ, ಚಿರತೆ ರೈತನನ್ನು ಕೊಂದಿತೇ? ಎರಡೂ ಅರ್ಥ ಬರುತ್ತದೆ. ಒಂದರಲ್ಲಿ ರೈತ ಸತ್ತಿದ್ದಾನೆ, ಇನ್ನೊಂದರಲ್ಲಿ ಅವನ ಮೇಲೆ ಅರಣ್ಯ ಇಲಾಖೆಯ ಕೇಸು ಬೀಳಬಹುದು. 'ಚಿರತೆ ದಾಳಿ: ರೈತ ಸಾವು' ಅಥವಾ 'ಚಿರತೆಯನ್ನು ಕೊಂದ ರೈತ' ಎಂದರೆ ಮುಗಿಯಿತು. 'ಶಿಕ್ಷಕ ಥಳಿಸಿದ ವಿದ್ಯಾರ್ಥಿ'ಯದೂ ಇದೇ ಕಥೆ. ಬರೆದವರಿಗೆ ಇದು ಕಾಣುವುದಿಲ್ಲ, ಏಕೆಂದರೆ ಅವರಿಗೆ ಕಾಪಿ ಗೊತ್ತು. ಕಾಪಿ ಓದದ ಒಬ್ಬರಿಗೆ ತಲೆಬರಹ ಮಾತ್ರ ತೋರಿಸಿ, 'ಏನಾಯ್ತು ಹೇಳಿ' ಅಂತ ಕೇಳಿ. ಅವರು ಬೇರೆ ಕಥೆ ಹೇಳಿದರೆ 'ಅನ್ನು' ವಾಪಸ್ ಹಾಕಿ.

ಹೇಳಿದವರು ಎಲ್ಲಿ ಕೂರಬೇಕು?

ಮಾತನ್ನು ಹೇಳಿ, ಕೋಲನ್ ಹಾಕಿ, ಹೇಳಿದವರ ಹೆಸರು ಕೊನೆಗೆ ಇಡುವುದು ನಮ್ಮ ಪತ್ರಿಕೆಗಳ ಹಳೆಯ ಪದ್ಧತಿ. ಕಾಗದದಲ್ಲಿ ಇಡೀ ಸಾಲು ಒಟ್ಟಿಗೆ ಕಾಣುತ್ತಿತ್ತು. ಈಗ ಮೊಬೈಲ್ ನೋಟಿಫಿಕೇಷನ್ ಸಾಲಿನ ಕೊನೆಯನ್ನು ಕತ್ತರಿಸಿ ಮೂರು ಚುಕ್ಕಿ ಇಡುತ್ತದೆ. ಕತ್ತರಿಗೆ ಸಿಗುವುದು ಆ ಹೆಸರೇ. 'ಟೆಂಡರ್‌ನಲ್ಲಿ ಕೋಟ್ಯಂತರ ರೂಪಾಯಿ ಅಕ್ರಮ: ವಿಪಕ್ಷ ಆರೋಪ' ಎಂಬುದು 'ಟೆಂಡರ್‌ನಲ್ಲಿ ಕೋಟ್ಯಂತರ ರೂಪಾಯಿ ಅಕ್ರಮ…' ಆಗಿ ಓದುಗರನ್ನು ತಲುಪುತ್ತದೆ. ಹಾಗಾಗಿ ಆರೋಪ, ಊಹೆ, ಖಚಿತವಾಗದ ಮಾತು ಇದ್ದರೆ ಹೇಳಿದವರನ್ನು ಮುಂದೆ ತನ್ನಿ: 'ವಿಪಕ್ಷ ಆರೋಪ: ಟೆಂಡರ್‌ನಲ್ಲಿ ಅಕ್ರಮ'. ಸರ್ಕಾರದ ಪ್ರಕಟಣೆ, ಅಧಿಕೃತ ಅಂಕಿ ಇದ್ದರೆ ಹೆಸರು ಕೊನೆಗೆ ಇದ್ದರೂ ತೊಂದರೆ ಇಲ್ಲ.

ಕೋರ್ಟ್ ಸುದ್ದಿಯಲ್ಲಿ ಹೇಳಿದ್ದು ಯಾರು ಎಂಬುದರ ಜೊತೆಗೆ ಎಷ್ಟು ಮಂದಿ ಎಂಬುದೂ ಮುಖ್ಯ. 2022ರ ಅಕ್ಟೋಬರ್ 13ರಂದು ಕರ್ನಾಟಕದ ಹಿಜಾಬ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್‌ನ ಇಬ್ಬರು ನ್ಯಾಯಮೂರ್ತಿಗಳು ಬೇರೆ ಬೇರೆ ತೀರ್ಪು ಕೊಟ್ಟರು. ನ್ಯಾ. ಹೇಮಂತ್ ಗುಪ್ತಾ ಮೇಲ್ಮನವಿಗಳನ್ನು ವಜಾ ಮಾಡಿದರು, ನ್ಯಾ. ಸುಧಾಂಶು ಧುಲಿಯಾ ಪುರಸ್ಕರಿಸಿದರು. ಪ್ರಕರಣ ಮುಖ್ಯ ನ್ಯಾಯಮೂರ್ತಿಗಳ ಮುಂದೆ ಹೋಯಿತು. ಆ ದಿನ ಇಬ್ಬರಲ್ಲಿ ಒಬ್ಬರ ಮಾತನ್ನು ಹಿಡಿದು 'ಸುಪ್ರೀಂ ಕೋರ್ಟ್' ಎಂದು ಬರೆದ ಯಾವ ತಲೆಬರಹವೂ ಸರಿಯಾಗಲು ಸಾಧ್ಯವಿರಲಿಲ್ಲ. 'ಹಿಜಾಬ್: ಸುಪ್ರೀಂ ಕೋರ್ಟ್‌ನಲ್ಲಿ ಭಿನ್ನ ತೀರ್ಪು' ಎಂದರೆ ಸಾಕಿತ್ತು. ಹಾಗೆಯೇ ವಿಚಾರಣೆ ನಡುವೆ ನ್ಯಾಯಮೂರ್ತಿಗಳು ಕೇಳುವ ಪ್ರಶ್ನೆ ಆದೇಶ ಅಲ್ಲ. ಕಾಪಿಯಲ್ಲಿ 'ಮೌಖಿಕವಾಗಿ' ಎಂದಿದ್ದರೆ ತಲೆಬರಹದಲ್ಲಿ 'ಪ್ರಶ್ನೆ' ಎಂದು ಬರೆಯಿರಿ. 'ಸೂಚನೆ', 'ಆದೇಶ', 'ಛೀಮಾರಿ' ಬೇಡ.

ಉದ್ದ: ಪದ ಎಣಿಸಿ, ಕಂಪ್ಯೂಟರ್ ಅಂಕಿ ನಂಬಬೇಡಿ

ತಲೆಬರಹ 60 ಅಕ್ಷರ ಮೀರಬಾರದು ಎಂಬ ಮಿತಿ ಕೆಲವು ಸಾಫ್ಟ್‌ವೇರ್‌ಗಳಲ್ಲಿ ಇರುತ್ತದೆ. ಅದು ಇಂಗ್ಲಿಷಿಗೆ ಮಾಡಿದ ಲೆಕ್ಕ. 'ಸುಪ್ರೀಂ ಕೋರ್ಟ್' ನಮ್ಮ ಕಣ್ಣಿಗೆ ನಾಲ್ಕು ಅಕ್ಷರ. ಯೂನಿಕೋಡ್ ಎಣಿಕೆಯಲ್ಲಿ ಗುಣಿತ, ಹಲಂತ, ಸೊನ್ನೆ ಎಲ್ಲ ಬೇರೆ ಬೇರೆ, ನಡುವಿನ ಖಾಲಿ ಜಾಗವೂ ಸೇರಿ 14. ಹಾಗಾಗಿ ಆರೇಳು ಪದ ಎಂಬ ಅಳತೆ ಇಟ್ಟುಕೊಂಡು, ಮೊಬೈಲ್‌ನಲ್ಲಿ ಎರಡು ಸಾಲಿಗೆ ಕೂರುತ್ತದೆಯೇ ಎಂದು ನೋಡುವುದೇ ನಂಬಿಕೆಯ ದಾರಿ.

ಕತ್ತರಿಸುವಾಗ ಮೊದಲು ತೆಗೆಯಬೇಕಾದ್ದು 'ಮಾಡಲಾಗಿದೆ', 'ಗೊಳಿಸಲಾಯಿತು' ಎಂಬ ಬಾಲಗಳು. 'ಕಡಿತಗೊಳಿಸಲಾಗಿದೆ' ಬದಲು 'ಕಡಿತ', 'ಬಂಧಿಸಲಾಗಿದೆ' ಬದಲು 'ಬಂಧನ'. ಆಮೇಲೆ ವಿಶೇಷಣಗಳು: ಭಾರೀ, ಭೀಕರ, ಮಹತ್ವದ. ಎಷ್ಟೇ ಜಾಗ ಕಡಿಮೆ ಇದ್ದರೂ 'ಕನಿಷ್ಠ', 'ಆರೋಪ', 'ಸಾಧ್ಯತೆ', 'ಪ್ರಾಥಮಿಕ' ಎಂಬ ನಾಲ್ಕು ಪದಗಳಿಗೆ ಕೈ ಹಾಕಬೇಡಿ. ತಲೆಬರಹ ನಿಜವಾಗಿ ಉಳಿಯುವುದು ಅವುಗಳಿಂದ.

ಇನ್ನೊಂದು ಸಣ್ಣ ವಿಷಯ. 'ಆರ್‌ಬಿಐ' ಬರೆಯುವಾಗ 'ರ್' ಮತ್ತು 'ಬಿ' ನಡುವೆ ಕಾಣದ ಒಂದು ಅಕ್ಷರ ಇರುತ್ತದೆ. ಕಾಪಿ-ಪೇಸ್ಟ್ ಆಗುವಾಗ ಅದು ಬಿದ್ದುಹೋದರೆ 'ಆರ್ಬಿಐ' ಆಗುತ್ತದೆ. ಪ್ರಕಟಿಸುವ ಮುನ್ನ ಒಮ್ಮೆ ಪ್ರಿವ್ಯೂ ನೋಡಿ.

ಕಾಪಿ ಬದಲಾದಾಗ

ಅಹಮದಾಬಾದ್ ದುರಂತದ ದಿನ ವಿಮಾನದಲ್ಲಿದ್ದವರು 242 ಮಂದಿ. ಯಾರೂ ಉಳಿದಂತೆ ಕಾಣುತ್ತಿಲ್ಲ ಎಂದು ನಗರದ ಪೊಲೀಸ್ ಕಮಿಷನರ್ ಮೊದಲು ಎಪಿಗೆ ಹೇಳಿದ್ದರು. ನಂತರ 11ಎ ಸೀಟಿನ ಪ್ರಯಾಣಿಕರೊಬ್ಬರು ಬದುಕಿರುವುದು ಗೊತ್ತಾಯಿತು. ಮೊದಲ ಕಾಪಿ ನೋಡಿ '242 ಮಂದಿ ಸಾವು' ಎಂದು ಬರೆದಿದ್ದರೆ ಅದು ತಪ್ಪು. ಕಾಪಿಯಲ್ಲಿದ್ದ 'ಕಾಣುತ್ತಿಲ್ಲ' ಎಂಬ ಮಾತು ಮತ್ತು ಕಮಿಷನರ್ ಇಬ್ಬರೂ ಆ ತಲೆಬರಹದಲ್ಲಿ ಮಾಯವಾಗಿದ್ದಾರೆ. '242 ಮಂದಿ ಇದ್ದ ವಿಮಾನ ಪತನ' ಎಂಬುದು ಮೊದಲ ನಿಮಿಷದಲ್ಲೂ ಸರಿ, ಸಂಜೆಗೂ ಸರಿ. ದುರಂತದ ಮೊದಲ ಗಂಟೆಗಳಲ್ಲಿ ಹೀಗೆ ಖಚಿತವಾಗಿ ಗೊತ್ತಿರುವ ಅಂಕಿಯನ್ನೇ ಹಿಡಿದುಕೊಳ್ಳಿ.

ಅಂಕಿ ತಿದ್ದಬೇಕಾಗಿ ಬಂದರೆ ಪುಟದ ಮೇಲಿನ ತಲೆಬರಹ ತಿದ್ದಿದರಷ್ಟೇ ಸಾಲದು. ಹಳೆಯ ಸಾಲು ಇನ್ನೂ ಎಲ್ಲೆಲ್ಲಿ ಉಳಿದಿದೆ ನೋಡಿ: ಲಿಂಕ್‌ನ ವಿಳಾಸ, ವಾಟ್ಸ್‌ಆ್ಯಪ್‌ನಲ್ಲಿ ಹಂಚಿದಾಗ ಕಾಣುವ ಕಾರ್ಡ್, ಫೋಟೊದ ಮೇಲಿನ ಬರಹ, ಫೇಸ್‌ಬುಕ್ ಪೋಸ್ಟ್. ಕಳಿಸಿದ ನೋಟಿಫಿಕೇಷನ್ ಓದುಗರ ಫೋನಿನಲ್ಲಿ ಆಗಲೇ ಕೂತಿದೆ, ಅದಕ್ಕೆ ತಿದ್ದುಪಡಿಯ ಇನ್ನೊಂದು ನೋಟಿಫಿಕೇಷನ್ ಕಳಿಸಿ. ಸುದ್ದಿಯ ಕೆಳಗೆ ಏನು ಬದಲಾಯಿತು, ಎಷ್ಟು ಗಂಟೆಗೆ ಬದಲಾಯಿತು ಎಂದು ಒಂದು ಸಾಲು ಬರೆಯಿರಿ.